ಗರಿಷ್ಠ–ಕನಿಷ್ಠ: ಅಭ್ಯಾಸ ಹಾಳೆ (ದ್ವಿತೀಯ ಪಿಯುಸಿ ವಿಜ್ಞಾನ, ಹಾಸನ)

ಸಮಯ: 90 ನಿಮಿಷ. ಒಟ್ಟು ಅಂಕ: 35

ಮೊದಲು ಈ ನಾಲ್ಕು ಮಾತು ಓದಿಕೊಳ್ಳಿ, ಆಮೇಲೆ ಪೆನ್ನು ಹಿಡಿಯಿರಿ.

f'(x) = 0 ಆಗುವ ಬಿಂದುಗಳಷ್ಟೇ ಅಲ್ಲ, ಡೊಮೈನ್ ಒಳಗೆ f'(x) ಇಲ್ಲದ ಬಿಂದುಗಳೂ ಕ್ರಿಟಿಕಲ್ ಬಿಂದುಗಳೇ. f'(c) = 0 ಆಗಿ f''(c) < 0 ಇದ್ದರೆ c ಹತ್ತಿರ ಸ್ಥಳೀಯ ಗರಿಷ್ಠ, f''(c) > 0 ಇದ್ದರೆ ಸ್ಥಳೀಯ ಕನಿಷ್ಠ. f''(c) = 0 ಬಂದರೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ; c ಯ ಎಡಬಲಗಳಲ್ಲಿ f' ನ ಚಿಹ್ನೆ ನೋಡಬೇಕು. ಒಟ್ಟಾರೆ ಗರಿಷ್ಠ ಬೇಕೆಂದರೆ ಕ್ಲೋಸ್ಡ್ ಇಂಟರ್‌ವಲ್‌ನ ಎರಡೂ ತುದಿಗಳಲ್ಲಿ, ಎಲ್ಲ ಕ್ರಿಟಿಕಲ್ ಬಿಂದುಗಳಲ್ಲಿ f ಬೆಲೆ ಹಾಕಿ ಹೋಲಿಸಬೇಕು. ಬೆಲೆಯನ್ನು f ನಲ್ಲೇ ಹಾಕಿ, f' ನಲ್ಲಲ್ಲ. ಅವಸರದಲ್ಲಿ ಹೆಚ್ಚು ಆಗುವ ತಪ್ಪು ಇದೇ.

ಡೊಮೈನ್ ಬರೆಯದ ಉತ್ತರಕ್ಕೆ ಈ ಹಾಳೆಯಲ್ಲಿ ಒಂದು ಅಂಕ ಕಡಿಮೆ. ಕಾರಣ ಕೆಳಗಿನ ಮಾದರಿಯಲ್ಲೇ ಕಾಣುತ್ತದೆ.

ಬಿಡಿಸಿದ ಮಾದರಿ: ಕಾಫಿ ಕಣ

ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಗೋಡೌನ್ ಗೋಡೆಗೆ ತಾಗಿದಂತೆ ಆಯತಾಕಾರದ ಕಾಫಿ ಕಣ ಮಾಡಬೇಕು. ದನ ನುಗ್ಗದ ಹಾಗೆ ಮೂರು ಬದಿಗೆ ತಂತಿ ಬಲೆ, ನಾಲ್ಕನೆಯ ಬದಿಗೆ ಗೋಡೆಯೇ ಬೇಲಿ. ಬಲೆ 72 ಮೀಟರ್ ಇದೆ. ಗೋಡೆಯ ಉದ್ದ 30 ಮೀಟರ್. ಕಣದ ವಿಸ್ತೀರ್ಣ ಗರಿಷ್ಠ ಎಷ್ಟಾಗಬಹುದು?

ಗೋಡೆಗೆ ಲಂಬವಾದ ಬದಿ x ಮೀಟರ್ ಇರಲಿ. ಗೋಡೆಗೆ ಸಮಾನಾಂತರ ಬದಿ 72 − 2x.

A(x) = x(72 − 2x) = 72x − 2x²
A'(x) = 72 − 4x = 0, ಆದ್ದರಿಂದ x = 18
A''(x) = −4 < 0

ಇಲ್ಲಿಗೆ ನಿಲ್ಲಿಸಿದರೆ "x = 18, ಗರಿಷ್ಠ 648 ಚದರ ಮೀಟರ್" ಎಂಬ ಉತ್ತರ ಬರುತ್ತದೆ. ಎರಡನೇ ಡೆರಿವೇಟಿವ್ ಋಣವಾಗಿದೆ, ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ, ಆದರೂ ಉತ್ತರ ತಪ್ಪು. x = 18 ಆದರೆ ಉದ್ದದ ಬದಿ 36 ಮೀಟರ್, ಗೋಡೆ ಇರುವುದು 30. ಬಲೆ ಪೂರ್ತಿ ಮುಗಿದಿದೆ, 6 ಮೀಟರ್ ತೆರೆದೇ ಉಳಿದಿದೆ. ದನ ಬರುವುದು ಅಲ್ಲಿಂದಲೇ.

ಸರಿಯಾದ ಡೊಮೈನ್: 0 ≤ 72 − 2x ≤ 30, ಅಂದರೆ 21 ≤ x ≤ 36. ಇದರೊಳಗೆ 18 ಇಲ್ಲ. ಒಳಗೆ ಕ್ರಿಟಿಕಲ್ ಬಿಂದುವೇ ಇಲ್ಲದ ಕಾರಣ ಉಳಿದದ್ದು ಎರಡು ತುದಿ:

A(21) = 21 × 30 = 630
A(36) = 36 × 0 = 0

ಗರಿಷ್ಠ 630 ಚದರ ಮೀಟರ್, x = 21 ರಲ್ಲಿ.

ಇಲ್ಲಿ ಒಬ್ಬರಾದರೂ ಕೇಳಬೇಕಾದ ಪ್ರಶ್ನೆ: ಗೋಡೆ ಮುಗಿದ ಮೇಲೂ ಕಣವನ್ನು ಮುಂದೆ ಎಳೆದು, ಆ ಭಾಗಕ್ಕೆ ಗೋಡೆಯ ಬದಲು ಬಲೆಯನ್ನೇ ಹಾಕಿದರೆ? ಒಳ್ಳೆಯ ಪ್ರಶ್ನೆ, ಬಿಡದೆ ನೋಡೋಣ. ಉದ್ದ y (30 ಕ್ಕಿಂತ ಹೆಚ್ಚು) ಇದ್ದರೆ ಗೋಡೆಯ ಸಾಲಿನಲ್ಲೂ y − 30 ಮೀಟರ್ ಬಲೆ ಬೇಕು:

2x + y + (y − 30) = 72, ಆದ್ದರಿಂದ y = 51 − x
A(x) = x(51 − x), 0 ≤ x ≤ 21
A'(x) = 51 − 2x

ಇದು ಸೊನ್ನೆಯಾಗುವುದು x = 25.5 ರಲ್ಲಿ, ಅದೂ ಡೊಮೈನ್‌ನ ಹೊರಗೆ. 0 ರಿಂದ 21 ರವರೆಗೆ A' ಧನವೇ, ಹಾಗಾಗಿ A ಏರುತ್ತಲೇ ಹೋಗಿ 21 ರಲ್ಲಿ 630 ಮುಟ್ಟುತ್ತದೆ. ಎರಡೂ ತುಂಡುಗಳನ್ನು ಸೇರಿಸಿ ನೋಡಿದರೆ 21 ರ ಎಡಕ್ಕೆ ಇಳಿಜಾರು 51 − 42 = +9, ಬಲಕ್ಕೆ 72 − 84 = −12. ಗ್ರಾಫ್‌ಗೆ ಅಲ್ಲಿ ಚೂಪಾದ ಮೂಲೆ ಇದೆ. A'(21) ಎಂಬುದೇ ಇಲ್ಲ, ಆದ್ದರಿಂದ ಅಲ್ಲಿ ಎರಡನೇ ಡೆರಿವೇಟಿವ್ ಪರೀಕ್ಷೆ ಹಾಕಲು ಬರುವುದಿಲ್ಲ. ಚಿಹ್ನೆ ಧನದಿಂದ ಋಣಕ್ಕೆ ತಿರುಗಿದ್ದೇ ಸಾಕ್ಷಿ. ಒಂದೇ ಕಣದ ಲೆಕ್ಕದಲ್ಲಿ ತುದಿಯೂ ಇದೆ, ಡೆರಿವೇಟಿವ್ ಇಲ್ಲದ ಬಿಂದುವೂ ಇದೆ; ಎರಡು ಸಲ ಬಿಡಿಸಿ.

ಪ್ರಶ್ನೆಗಳು

1. f(x) = 3x⁴ − 4x³ ನ ಒಟ್ಟಾರೆ ಗರಿಷ್ಠ, ಕನಿಷ್ಠ ಬೆಲೆಗಳನ್ನು [−1, 2] ರಲ್ಲಿ ಕಂಡುಹಿಡಿಯಿರಿ. x = 0 ರಲ್ಲಿ ಏನಾಗುತ್ತದೆ ಎಂದು ಕಾರಣ ಸಹಿತ ಬರೆಯಿರಿ. (5)

2. f(x) = x + 2 sin x, [0, 2π]. ಸ್ಥಳೀಯ ಹಾಗೂ ಒಟ್ಟಾರೆ ಗರಿಷ್ಠ–ಕನಿಷ್ಠಗಳನ್ನು ಬೇರೆಬೇರೆಯಾಗಿ ಬರೆಯಿರಿ. (5)

3. f(x) = x − 3x^(2/3), [−1, 27]. ಕ್ರಿಟಿಕಲ್ ಬಿಂದುಗಳು ಎಷ್ಟು? ಒಟ್ಟಾರೆ ಗರಿಷ್ಠ, ಕನಿಷ್ಠ ಎಲ್ಲೆಲ್ಲಿ? (5)

4. 80 ಸೆಂ.ಮೀ. × 50 ಸೆಂ.ಮೀ. ತಗಡಿನ ನಾಲ್ಕು ಮೂಲೆಗಳಲ್ಲಿ x ಸೆಂ.ಮೀ. ಚೌಕ ಕತ್ತರಿಸಿ, ಅಂಚು ಮಡಚಿ, ಮೆಣಸು ತುಂಬಿಡಲು ಮೇಲೆ ತೆರೆದ ಟ್ರೇ ಮಾಡುತ್ತಾರೆ. (ಅ) ಗರಿಷ್ಠ ಘನಫಲ ಎಷ್ಟು? (ಆ) ಕಪಾಟಿನ ಅರೆಯಲ್ಲಿ ಕೂರಲು ಟ್ರೇ ಆಳ 8 ಸೆಂ.ಮೀ. ಮೀರಬಾರದು ಎಂದಾದರೆ? (6)

5. ಸಕಲೇಶಪುರದ ಒಂದು ತೋಟದಲ್ಲಿ ಮಳೆನೀರಿಗೆ ಚೌಕ ತಳದ, ಮೇಲೆ ತೆರೆದ ತೊಟ್ಟಿ ಕಟ್ಟಬೇಕು. ಹಿಡಿಯಬೇಕಾದದ್ದು 32 ಘನ ಮೀಟರ್, ಅಂದರೆ 32,000 ಲೀಟರ್. ತಳ ಮತ್ತು ನಾಲ್ಕು ಗೋಡೆಗಳ ಒಟ್ಟು ಮೇಲ್ಮೈ ಕನಿಷ್ಠವಾಗಲು ಅಳತೆ ಏನಿರಬೇಕು? ಬಂಡೆ ಅಡ್ಡ ಬಂದು 1.5 ಮೀಟರ್‌ಗಿಂತ ಆಳ ಸಾಧ್ಯವಿಲ್ಲವಾದರೆ ಉತ್ತರ ಹೇಗೆ ಬದಲಾಗುತ್ತದೆ? (5)

6. ಹಾಸನದ ಒಬ್ಬ ರೈತರ ಬಳಿ 60 ಕ್ವಿಂಟಲ್ ಆಲೂಗೆಡ್ಡೆ ಇದೆ. ಇಂದಿನ ಬೆಲೆ ಕ್ವಿಂಟಲ್‌ಗೆ ₹1,600. ವಾರಕ್ಕೆ ₹40 ಏರುತ್ತದೆ. ಕೊಳೆತು, ಒಣಗಿ ವಾರಕ್ಕೆ 1 ಕ್ವಿಂಟಲ್ ಕಳೆದುಹೋಗುತ್ತದೆ. ಗೆಡ್ಡೆ 6 ವಾರಕ್ಕಿಂತ ಹೆಚ್ಚು ತಡೆಯುವುದಿಲ್ಲ. (ಅ) ಯಾವಾಗ ಮಾರಿದರೆ ಹೆಚ್ಚು ಹಣ? (ಆ) ಗೋಡೌನ್ ಬಾಡಿಗೆ ವಾರಕ್ಕೆ ₹480 ಸೇರಿಸಿದರೆ? ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. (5)

7. ಚಿಕ್ಕಮಗಳೂರಿನ ಹೋಂಸ್ಟೇ ಒಂದರಲ್ಲಿ 20 ಕೋಣೆ. ಬಾಡಿಗೆ ₹2,000 ಇದ್ದಾಗ ಎಲ್ಲ ತುಂಬುತ್ತವೆ. ಪ್ರತಿ ₹100 ಏರಿಕೆಗೆ ಒಂದು ಕೋಣೆ ಖಾಲಿ. ತುಂಬಿದ ಕೋಣೆಗೆ ₹300 ಖರ್ಚು. ಏರಿಕೆ ₹100 ರ ಪೂರ್ಣ ಗುಣಕವೇ ಆಗಿರಬೇಕು. ಗರಿಷ್ಠ ಉಳಿಕೆ ಎಷ್ಟು? (4)

ಉತ್ತರಗಳು, ಮತ್ತು ಎಲ್ಲಿ ಜಾರುತ್ತದೆ

1. f' = 12x³ − 12x² = 12x²(x − 1), ಬಿಂದುಗಳು 0 ಮತ್ತು 1. f'' = 36x² − 24x. f''(1) = 12 > 0, ಸ್ಥಳೀಯ ಕನಿಷ್ಠ, f(1) = −1. f''(0) = 0, ಪರೀಕ್ಷೆ ಸೋಲುತ್ತದೆ. 0 ಯ ಎರಡೂ ಕಡೆ f' ಋಣ, ಆದ್ದರಿಂದ ಅಲ್ಲಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಅದು ಇನ್‌ಫ್ಲೆಕ್ಷನ್ ಬಿಂದು. ತುದಿಗಳು: f(−1) = 7, f(2) = 16. ಗರಿಷ್ಠ 16, ಕನಿಷ್ಠ −1. "f'' = 0, ಆದ್ದರಿಂದ ಇನ್‌ಫ್ಲೆಕ್ಷನ್" ಎಂದು ಒಂದೇ ಸಾಲು ಬರೆದರೆ ಅಂಕವಿಲ್ಲ. x⁴ ಗೂ 0 ಯಲ್ಲಿ f'' = 0, ಆದರೆ ಅಲ್ಲಿ ಕನಿಷ್ಠವಿದೆ.

2. f' = 1 + 2 cos x = 0, x = 2π/3, 4π/3. f'' = −2 sin x; ಮೊದಲನೆಯದರಲ್ಲಿ −√3, ಎರಡನೆಯದರಲ್ಲಿ +√3. ಸ್ಥಳೀಯ ಗರಿಷ್ಠ 2π/3 + √3 ≈ 3.83, ಸ್ಥಳೀಯ ಕನಿಷ್ಠ 4π/3 − √3 ≈ 2.46. ತುದಿಗಳು: f(0) = 0, f(2π) = 2π ≈ 6.28. ಒಟ್ಟಾರೆ ಗರಿಷ್ಠ 2π, ಕನಿಷ್ಠ 0. ಒಳಗಿನ ಎರಡೂ ಬಿಂದುಗಳು ಪರೀಕ್ಷೆಯಲ್ಲಿ ಪಾಸಾಗಿಯೂ ಎರಡೂ ಒಟ್ಟಾರೆ ಉತ್ತರವಲ್ಲ. ಈ ಹಾಳೆಯಲ್ಲಿ ನಿಜವಾಗಿ ಕಲಿಯಬೇಕಾದ ಪ್ರಶ್ನೆ ಇದು. ಕೋನ ರೇಡಿಯನ್‌ನಲ್ಲೇ ಇರಲಿ. 120 + √3 ಎಂದು ಡಿಗ್ರಿ ಹಾಕಿ ಕೂಡಿದರೆ ಹೋಲಿಕೆಯೇ ಕೆಡುತ್ತದೆ.

3. f' = 1 − 2x^(−1/3). ಸೊನ್ನೆಯಾಗುವುದು x = 8 ರಲ್ಲಿ; x = 0 ರಲ್ಲಿ f' ಇಲ್ಲ. ಹೀಗೆ ಎರಡು ಕ್ರಿಟಿಕಲ್ ಬಿಂದು. f''(8) = 1/24 > 0. 0 ಯ ಎಡಕ್ಕೆ f' ಧನ, ಬಲಕ್ಕೆ ಋಣ, ಆದ್ದರಿಂದ ಸ್ಥಳೀಯ ಗರಿಷ್ಠ. ಬೆಲೆಗಳು: f(−1) = −4, f(0) = 0, f(8) = −4, f(27) = 0. ಗರಿಷ್ಠ 0 (x = 0, 27), ಕನಿಷ್ಠ −4 (x = −1, 8). ಎರಡೆರಡು ಕಡೆ ಒಂದೇ ಬೆಲೆ ಬಂದರೆ ಗಾಬರಿ ಬೇಡ, ಎರಡನ್ನೂ ಬರೆಯಿರಿ. (−1)^(2/3) = 1, −1 ಅಲ್ಲ.

4. V = x(80 − 2x)(50 − 2x) = 4x³ − 260x² + 4000x, 0 ≤ x ≤ 25. V' = 0 ಅಂದರೆ 3x² − 130x + 1000 = 0; x = 10 ಅಥವಾ 100/3. ಎರಡನೆಯದು 25 ಮೀರಿದೆ. V'' = 24x − 520, V''(10) = −280 < 0. V(0) = V(25) = 0. (ಅ) 18,000 ಘನ ಸೆಂ.ಮೀ. (ಆ) ಡೊಮೈನ್ [0, 8]. ಒಳಗೆ ಕ್ರಿಟಿಕಲ್ ಬಿಂದು ಇಲ್ಲ, V' ಧನ. ಗರಿಷ್ಠ V(8) = 8 × 64 × 34 = 17,408. ತಗಡಿನ ಅಗಲ 50 ಇರುವಾಗ ತುದಿ 25. 40 ಎಂದು ಬರೆಯುವವರು ಉದ್ದದ ಬದಿಯನ್ನಷ್ಟೇ ನೋಡಿರುತ್ತಾರೆ, ಆಗ 100/3 ಒಳಗೆ ಸೇರಿಕೊಳ್ಳುತ್ತದೆ.

5. x²h = 32, S = x² + 4xh = x² + 128/x, x > 0. S' = 2x − 128/x² = 0, x = 4, h = 2. S'' = 2 + 256/x³, S''(4) = 6 > 0. S = 48 ಚದರ ಮೀಟರ್. ಇಲ್ಲಿ ತುದಿಗಳೇ ಇಲ್ಲ. "S(0)" ಎಂದು ಬರೆಯಬೇಡಿ, 128/0 ಗೆ ಅರ್ಥವಿಲ್ಲ. x ಸೊನ್ನೆಯತ್ತ ಹೋದರೂ ಅನಂತದತ್ತ ಹೋದರೂ S ಮಿತಿಯಿಲ್ಲದೆ ಏರುತ್ತದೆ. ಜೊತೆಗೆ x > 0 ಇರುವಲ್ಲೆಲ್ಲ S'' ಧನ, ಆದ್ದರಿಂದ ಇದ್ದ ಒಂದೇ ಕ್ರಿಟಿಕಲ್ ಬಿಂದುವೇ ಒಟ್ಟಾರೆ ಕನಿಷ್ಠ. ಬಂಡೆ ಇದ್ದರೆ h ≤ 1.5, x ≥ √(32/1.5) ≈ 4.62. ಈಗ ತುದಿಯೊಂದು ಹುಟ್ಟಿತು; ಅಲ್ಲಿಂದ ಮುಂದೆ S ಏರುವುದರಿಂದ ಕನಿಷ್ಠ ಆ ತುದಿಯಲ್ಲೇ, S ≈ 49.05. ಬಂಡೆಗೆ ತೆತ್ತದ್ದು ಸುಮಾರು ಒಂದು ಚದರ ಮೀಟರ್ ಮಾತ್ರ: ಕನಿಷ್ಠದ ಆಸುಪಾಸಿನಲ್ಲಿ ಗ್ರಾಫ್ ಬಹಳ ಸಪಾಟು.

6. (ಅ) R = (60 − t)(1600 + 40t), 0 ≤ t ≤ 6. R' = 800 − 80t, t = 10, ಹೊರಗೆ. R(0) = 96,000, R(6) = 54 × 1,840 = 99,360. 6 ನೇ ವಾರ ಮಾರಬೇಕು. (ಆ) N = R − 480t, N' = 320 − 80t, t = 4, ಈಗ ಒಳಗೆ. N'' = −80 < 0. N(0) = 96,000, N(4) = 96,640, N(6) = 96,480. 4 ನೇ ವಾರ. ಬಾಡಿಗೆ ಸೇರಿದ ತಕ್ಷಣ ಉತ್ತರ ತುದಿಯಿಂದ ಒಳಕ್ಕೆ ಸರಿಯಿತು.

7. n ಏರಿಕೆಗಳಾದರೆ P = (20 − n)(1700 + 100n), n = 0, 1, …, 20. n ಅನ್ನು ನಿರಂತರ ಎಂದುಕೊಂಡರೆ P' = 300 − 200n, n = 1.5; P'' = −200. P(1.5) = 34,225 ಬಂದರೂ ಅರ್ಧ ಏರಿಕೆಗೆ ಅವಕಾಶವಿಲ್ಲ. ಅಕ್ಕಪಕ್ಕ ನೋಡಿ: P(1) = 19 × 1,800 = 34,200; P(2) = 18 × 1,900 = 34,200. ತುದಿಗಳು 34,000 ಮತ್ತು 0. ಗರಿಷ್ಠ ₹34,200; ಬಾಡಿಗೆ ₹2,100 ಇಟ್ಟರೂ ₹2,200 ಇಟ್ಟರೂ ಅಷ್ಟೇ. 1.5 ಅನ್ನು 2 ಕ್ಕೆ ದುಂಡಗೆ ಮಾಡಿ ಒಂದನ್ನೇ ಬರೆದವರಿಗೆ 4 ರಲ್ಲಿ 3 ಅಂಕ.