ಅತ್ತೆಗೆ ಹುಟ್ಟುಹಬ್ಬದ ಶುಭಾಶಯ

ಅತ್ತೆ, ನಮಸ್ಕಾರ. ಹುಟ್ಟುಹಬ್ಬದ ಶುಭಾಶಯಗಳು.

ಇಷ್ಟು ಹೊತ್ತಿಗೆ ಎಣ್ಣೆ ಸ್ನಾನ ಮುಗಿಸಿ, ತುಳಸಿಗೆ ನೀರು ಹಾಕಿ ಬಂದಿರುತ್ತೀರಿ. ಪೂಜೆ ಆಗುವವರೆಗೂ ನೀವು ಫೋನ್ ಮುಟ್ಟುವುದಿಲ್ಲ ಅಲ್ವಾ, ಅದಕ್ಕೇ ಮೆಸೇಜ್ ಹಾಕುತ್ತಿದ್ದೇನೆ. ನಿಧಾನಕ್ಕೆ ಓದಿ.

ಮದುವೆಯಾಗಿ ತೀರ್ಥಹಳ್ಳಿಗೆ ಬಂದ ಮೊದಲ ಮಳೆಗಾಲದಲ್ಲಿ ನನಗೆ ತವರಿನ ನೆನಪು ಜಾಸ್ತಿ ಆಗುತ್ತಿತ್ತು. ನೀವು ಏನೂ ಕೇಳಲಿಲ್ಲ. ಬಚ್ಚಲೊಲೆ ಮುಂದೆ ಕೂರಿಸಿ ತಲೆಗೆ ಎಣ್ಣೆ ತಟ್ಟಿದಿರಿ. ಆಮೇಲೆ ಬಿಸಿ ಕಡುಬು ಬಿಡಿಸಿ, ತುಪ್ಪ ಹಾಕಿ ಕೈಗಿಟ್ಟಿರಿ. ಅವತ್ತಿನಿಂದ ಅದು ನನ್ನ ಮನೆ. ಒಂದೆಲಗದ ತಂಬುಳಿಗೆ ಜೀರಿಗೆ, ಕಾಳುಮೆಣಸು ಎಷ್ಟು ಹುರಿಯಬೇಕು ಅನ್ನುವುದನ್ನು ಪರಿಮಳದಲ್ಲೇ ಹಿಡಿಯಲು ಕಲಿಸಿದ್ದೂ ನೀವೇ.

ಶನಿವಾರ ಇವರೂ ನಾನೂ ಬೆಂಗಳೂರಿನಿಂದ ಹೊರಟು ಬರುತ್ತೇವೆ. ದೀಪ ಆರಿಸುವುದು ನಮ್ಮನೆಯಲ್ಲಿ ಇಲ್ಲ, ಹಾಗಾಗಿ ಕೇಕ್ ತರುವುದಿಲ್ಲ. ದೇವರ ಮುಂದೆ ದೀಪ ಹಚ್ಚಿ, ನಿಮ್ಮನ್ನು ಮಣೆ ಮೇಲೆ ಕೂರಿಸಿ ಆರತಿ ಎತ್ತಬೇಕು ಅಂತ ನನಗೆ ಆಸೆ. ಆರತಿ ಹಾಡು ಅತ್ತಿಗೆ ಹೇಳುತ್ತಾರಂತೆ. ನಿಮಗೆ ಇಷ್ಟದ ಹೆಸರುಬೇಳೆ ಪಾಯಸ ನಾನೇ ಮಾಡುತ್ತೇನೆ. ಮಡಿಯಲ್ಲೇ ಮಾಡುತ್ತೇನೆ, ಮೊದಲು ನೈವೇದ್ಯಕ್ಕೆ ಇಡುತ್ತೇನೆ. ಅವತ್ತು ನೀವು ಸುಮ್ನೆ ಜಗಲಿಯಲ್ಲಿ ಕೂತಿರಬೇಕು.

ಮಾವನಿಗೂ ನಮಸ್ಕಾರ ತಿಳಿಸಿ. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡಿ ಅತ್ತೆ. ನೂರು ವರ್ಷ ಚೆನ್ನಾಗಿರಿ, ನಮಗೆ ಆಶೀರ್ವಾದ ಮಾಡಿ.

ನಿಮ್ಮ ಸೊಸೆ