ಸಂಕದ ಬೋರ್ಡು

ನೆಲಮಂಗಲ ದಾಟುವಷ್ಟರಲ್ಲಿ ಪ್ರೇಮಾ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದಳು. ರಸ್ತೆ ಚಿಹ್ನೆಗಳ ಝೆರಾಕ್ಸ್. ಕಪ್ಪು ಬಿಳುಪು. ಕೆಂಪು ಯಾವುದು, ನೀಲಿ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ.

"ಸೋಮವಾರ ಪುತ್ತೂರಲ್ಲಿ ಎಲ್‌ಎಲ್ ಟೆಸ್ಟ್. ನೀನೇ ಕೇಳು ಮಾರಾಯ್ತಿ."

ನಮ್ಮದು ಮಂಗಳೂರು ಬಸ್ಸಿನ ಎರಡನೇ ಸಾಲು. ಡ್ರೈವರ್ ಮುಂದಿನ ಗಾಜು ಪೂರ್ತಿ ಕಾಣುತ್ತಿತ್ತು. ಹಾಳೆ ಬೇಡ, ದಾರಿಯಲ್ಲಿ ಬಂದ ಬೋರ್ಡನ್ನೇ ಕೇಳೋಣ ಅಂದೆ. ಹಾಸನಕ್ಕೆ ಯಾರು ಜಾಸ್ತಿ ಸರಿ ಹೇಳಿರುತ್ತಾರೋ ಅವರಿಗೆ ಕಿಟಕಿ ಸೀಟು. ನನಗೆ ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗಿತ್ತು, ಕಿಟಕಿಯಲ್ಲಿ ಕೂತಿದ್ದವಳೂ ನಾನೇ. ಸೋಲುವ ಯೋಚನೆಯೇ ಇರಲಿಲ್ಲ.

ಕುಣಿಗಲ್‌ವರೆಗೆ ನನ್ನದೇ ಮೇಲುಗೈ. ನೀಲಿ ವೃತ್ತಕ್ಕೆ ಕೆಂಪು ಅಂಚು, ಅಡ್ಡ ಒಂದು ಗೆರೆ ಬಂತು. ಪ್ರೇಮಾ "ನಿಲ್ಲಲೇಬಾರದು" ಅಂದಳು.

"ತಪ್ಪು. ಒಂದು ಗೆರೆ ಇದ್ರೆ ಪಾರ್ಕ್ ಮಾಡಬಾರದು. ಎರಡು ಗೆರೆ ಕತ್ತರಿ ಹಾಕಿದ್ರೆ ನಿಲ್ಲಲೇಬಾರದು."

ಅವಳು ಹಾಳೆಯ ಮೇಲೆ ಪೆನ್ನಿನಿಂದ ಕತ್ತರಿ ಬರೆದು ಎರಡು ಸಲ ತಿದ್ದಿದಳು. ಆಮೇಲೆ ನನ್ನನ್ನೇ ಕೇಳಿದಳು, "ಮೈಲಿಗಲ್ಲಿನ ತಲೆ ಯಾಕೆ ಹಳದಿ?"

"ಎಲ್ಲಾ ಹಳದಿನೇ ಅಲ್ವಾ?"

"ಅಲ್ಲ. ಹಳದಿ ನ್ಯಾಷನಲ್ ಹೈವೇ. ಹಸಿರು ಇದ್ರೆ ಸ್ಟೇಟ್ ಹೈವೇ. ಅಪ್ಪ ಹೇಳಿಕೊಟ್ಟದ್ದು."

ಅವಳ ಅಪ್ಪನದು ಒಂದು ಹಳೇ ಪಿಕಪ್. ನೆಲ್ಯಾಡಿ ಕಡೆಯ ತೋಟಗಳಿಂದ ಅಡಿಕೆ, ರಬ್ಬರ್ ಸಾಗಿಸುತ್ತಿದ್ದರು. ಈ ಮಳೆಗಾಲದಿಂದ ರಾತ್ರಿ ಹೊತ್ತು ಎದುರಿನ ಲೈಟು ಬಿದ್ದರೆ ಅವರಿಗೆ ರಸ್ತೆ ಕಾಣುವುದಿಲ್ಲ. ಪ್ರೇಮಾ ಕಲಿಯಬೇಕಂತಿರುವುದು ಅದೇ ಪಿಕಪ್ಪನ್ನು. ಪಿಜಿಯಲ್ಲಿ ಒಂದೇ ರೂಮಿನಲ್ಲಿದ್ದರೂ ನನಗೆ ಇದು ಗೊತ್ತಾದದ್ದು ಆವತ್ತು, ಯಡಿಯೂರಿನ ಹತ್ತಿರ.

ಹಾಸನಕ್ಕೆ ಹನ್ನೊಂದು–ಎಂಟು. ಕಿಟಕಿ ನನ್ನಲ್ಲೇ ಉಳಿಯಿತು.

ಸಕಲೇಶಪುರ ಕಳೆದು ಘಾಟಿ ಇಳಿಯತೊಡಗಿದ ಮೇಲೆ ಆಟದ ರೀತಿಯೇ ಬದಲಾಯಿತು. ಬಸ್ಸಿನೊಳಗೆ ಮಾತು ಕಡಿಮೆಯಾಯಿತು. ಮಂಜಿಗೆ ಗಾಜು ಮಸುಕಾಗಿ, ಡ್ರೈವರ್ ಮತ್ತೆ ಮತ್ತೆ ಬಟ್ಟೆಯಿಂದ ಒರೆಸುತ್ತಿದ್ದರು. ಇಳಿಜಾರಿನ ತ್ರಿಕೋನ ಬಂತು.

"ಇದು?"

"ಇಲ್ಲಿ ಅಪ್ಪ ಸೆಕೆಂಡ್ ಗೇರ್ ಹಾಕ್ತಾರೆ."

"ಹೆಸರು ಹೇಳೇ."

"ಹೆಸರು... ಕಡಿದಾದ ಇಳಿಜಾರು. ಬ್ರೇಕನ್ನೇ ನಂಬಿ ಕೂತ್ರೆ ಬಿಸಿಯಾಗಿ ಹಿಡಿಯುವುದೇ ಇಲ್ಲ. ಅದಕ್ಕೆ ಗೇರಲ್ಲೇ ಇಳಿಸಬೇಕು."

ಕಲ್ಲು ಉರುಳುವ ಚಿತ್ರಕ್ಕೆ, "ಮಳೆ ಬಂದ ಮರುದಿನ ಇಲ್ಲಿ ಗಾಡಿ ನಿಲ್ಲಿಸ್ಲಿಕ್ಕಿಲ್ಲ" ಅಂದಳು. ಮುಂದಿನ ತಿರುವಿನ ಬೋರ್ಡನ್ನು ಕಾಡುಬಳ್ಳಿ ಪೂರ್ತಿ ಮುಚ್ಚಿತ್ತು. ಕಂಬ ಮಾತ್ರ ಕಾಣುತ್ತಿತ್ತು. ನಾನು ಪ್ರಶ್ನೆ ಕೇಳುವ ಮೊದಲೇ ಅವಳು ಸೀಟಿನ ಕಂಬಿ ಹಿಡಿದು, "ಎಡಕ್ಕೆ" ಅಂದಳು. ಬಸ್ಸು ಎಡಕ್ಕೆ ವಾಲಿತು.

ಎದುರಿನಿಂದ ಒಂದು ಟ್ಯಾಂಕರ್ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ನಮ್ಮ ಡ್ರೈವರ್ ಬಸ್ಸನ್ನು ಬದಿಗೆ ತೆಗೆದು ನಿಂತರು.

"ಹತ್ತುವ ಗಾಡಿಗೆ ದಾರಿ ಬಿಡಬೇಕು" ಅಂದಳು ಪ್ರೇಮಾ. "ಅದು ಒಮ್ಮೆ ನಿಂತ್ರೆ ಮತ್ತೆ ಎತ್ತುವುದು ಕಷ್ಟ."

ಆ ನಿಯಮ ನನಗೂ ಬಾಯಿಪಾಠ ಇತ್ತು. ಟೆಸ್ಟಿನಲ್ಲಿ ಟಿಕ್ ಹಾಕಿ ಬಂದಿದ್ದೆ. ಅದರ ಕಾರಣ ಏನಿರಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಾನು ಎದ್ದು, "ಬಾ, ಕಿಟಕಿಗೆ ಕೂತ್ಕೋ" ಅಂದೆ. ಅವಳು ಸ್ಕೋರು ನೆನಪಿಸಲಿಲ್ಲ. ಸುಮ್ನೆ ಬಂದು ಕೂತಳು.

ಗುಂಡ್ಯ ದಾಟಿದ ಮೇಲೆ ಅವಳದೇ ಕೊನೆಯ ಪ್ರಶ್ನೆ. "ನಮ್ಮ ಮನೆ ದಾರಿಯಲ್ಲಿ ಒಂದು ಸಂಕ ಉಂಟು. ಒಂದು ಗಾಡಿ ಹೋಗುವಷ್ಟೇ ಅಗಲ. ಬೋರ್ಡಿಲ್ಲ. ಅಪ್ಪ ಎರಡು ಸಲ ಅರ್ಜಿ ಕೊಟ್ಟು, ಕೊನೆಗೆ ಅಡಿಕೆ ಸಲಾಕೆಗೆ ಅಮ್ಮನ ಹಳೇ ಕೆಂಪು ಸೀರೆಯ ತುಂಡು ಕಟ್ಟಿದ್ದಾರೆ. ಬೋರ್ಡ್ ಹಾಕಿದ್ರೆ ಅದರಲ್ಲಿ ಎಂತ ಚಿತ್ರ ಇರ್ತದೆ?"

ತ್ರಿಕೋನ ಅನ್ನುವುದು ಗೊತ್ತಿತ್ತು. ಒಳಗಿನ ಗೆರೆಗಳು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಹಾಳೆಗೆ ಕೈ ಹಾಕಿದೆ, ಅವಳು ಕೊಡಲಿಲ್ಲ.

ನೆಲ್ಯಾಡಿಯಲ್ಲಿ ಅವಳು ಇಳಿದಳು. ಕಂಡಕ್ಟರ್ ಸೀಟಿ ಊದಿದರು. ನಾನು ಕಿಟಕಿಗೆ ಸರಿದು ನೋಡಿದರೆ, ಪ್ರೇಮಾ ಬ್ಯಾಗನ್ನು ಕಾಲ ಹತ್ತಿರ ಇಟ್ಟು ಎರಡೂ ಅಂಗೈಯನ್ನು ಎದುರುಬದುರು ಹಿಡಿದಿದ್ದಳು. ನಡುವೆ ಸಣ್ಣ ಸಂದು. ಬೆರಳಿನ ತುದಿಗಳು ಹೊರಗೆ ಬಾಗಿದ್ದವು, ಕೆಳಗೆ ಮೊಣಕೈಗಳೂ ಅಗಲವಾಗಿದ್ದವು.

"ಕಿರಿದಾದ ಸೇತುವೆ!" ನಾನು ಕೂಗಿದೆ.

"ಸಂಕ!" ಅವಳೂ ಕೂಗಿದಳು. ಹಿಂದಿನಿಂದ ಹಳೇ ಪಿಕಪ್ಪಿನ ಹಾರ್ನ್ ಕೇಳಿಸಿತು. ಅವಳು ಬ್ಯಾಗ್ ಎತ್ತಿಕೊಂಡು ಅತ್ತ ಓಡಿದಳು.