ಬಾಡಿಗೆಗಿದೆ: ಬೆಳಗಾವಿ ಟಿಳಕವಾಡಿಯಲ್ಲಿ ಎರಡು ಮಲಗುವ ಕೋಣೆಯ ಮನೆ, ತಿಂಗಳಿಗೆ 13,500 ರೂಪಾಯಿ (ತಿದ್ದಿ ಬರೆದದ್ದು)

ಎಲ್ಲಿ: ಟಿಳಕವಾಡಿ, ಶುಕ್ರವಾರ ಪೇಟೆ. ಮೊದಲ ಮಹಡಿ, ಲಿಫ್ಟ್ ಇಲ್ಲ, 18 ಮೆಟ್ಟಿಲು
ಬಾಡಿಗೆ: 13,500 ರೂಪಾಯಿ
ನಿರ್ವಹಣೆ: 900 ರೂಪಾಯಿ
ಠೇವಣಿ: 60,000 ರೂಪಾಯಿ
ಖಾಲಿಯಾಗುವುದು: ಜೂನ್ 1ಕ್ಕೆ
ನೋಡಲು: ಸೋಮವಾರದಿಂದ ಶುಕ್ರವಾರ ಸಂಜೆ 5.30ರಿಂದ 7.30, ಭಾನುವಾರ ಬೆಳಿಗ್ಗೆ 9ರಿಂದ 1. ಶನಿವಾರ ಇಲ್ಲ
ದಲ್ಲಾಳಿ: ಇಲ್ಲ. ಮನೆಯ ಮಾಲೀಕಳು ನಾನೇ

ಕಳೆದ ವಾರ ಇದೇ ಮನೆಯ ಬಗ್ಗೆ ಒಂದೇ ಉಸಿರಿನಲ್ಲಿ ಒಂದು ದೊಡ್ಡ ಪ್ಯಾರಾ ಬರೆದು ಹಾಕಿದ್ದೆ. ಠೇವಣಿಯ ಮೊತ್ತ ಅದರ ನಡುವೆ ಎಲ್ಲೋ ಹುದುಗಿಹೋಗಿತ್ತು, ನೋಡುವ ಸಮಯವನ್ನು ಬರೆದೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಗೋಕಾಕದಿಂದ ಗಂಡ ಹೆಂಡತಿ ಇಬ್ಬರು ಪುಟ್ಟ ಮಗುವನ್ನು ಎತ್ತಿಕೊಂಡು ಬಂದಿದ್ದರು. ನಾನು ಊರಲ್ಲಿರಲಿಲ್ಲ. ಮುಚ್ಚಿದ ಗೇಟಿನ ಮುಂದೆ ಒಂದು ಗಂಟೆ ಕಾದು ವಾಪಸು ಹೋದರಂತೆ. ಆ ಸಂಕಟ ಇನ್ನೂ ಹೋಗಿಲ್ಲ. ಮನೆ ನಿಮಗೆ ಹೊಂದುತ್ತದೆಯೋ ಇಲ್ಲವೋ ಎಂಬುದು ಬಸ್ಸಿಗೆ ದುಡ್ಡು ಕೊಡುವ ಮೊದಲೇ ತಿಳಿಯಬೇಕು. ಅದಕ್ಕೇ ಇದನ್ನು ಪೂರ್ತಿ ಹೊಸದಾಗಿ ಬರೆದಿದ್ದೇನೆ. ಹಳೆಯದನ್ನು ಓದಬೇಕಾಗಿಲ್ಲ.

ಹಣದ ಲೆಕ್ಕ

ತಿಂಗಳಿಗೆ ಬಾಡಿಗೆ ಮತ್ತು ನಿರ್ವಹಣೆ ಸೇರಿ 14,400 ರೂಪಾಯಿ. 5ನೇ ತಾರೀಖಿನೊಳಗೆ ಕೊಡಬೇಕು. ಯುಪಿಐ, ನಗದು ಯಾವುದಾದರೂ ಸರಿ, ಎರಡಕ್ಕೂ ರಸೀದಿ ಕೊಡುತ್ತೇನೆ. ನಿರ್ವಹಣೆಯ 900 ರೂಪಾಯಿಯಲ್ಲಿ ನೀರು, ಮೆಟ್ಟಿಲಿನ ದೀಪ, ಪಂಪ್, ಮೆಟ್ಟಿಲು ಗುಡಿಸುವವರ ಸಂಬಳ ಎಲ್ಲವೂ ಬಂದವು.

ಮನೆಗೆ ಬರುವ ದಿನ ಕೈಯಲ್ಲಿರಬೇಕಾದದ್ದು 74,400 ರೂಪಾಯಿ: ಠೇವಣಿ 60,000, ಮೊದಲ ತಿಂಗಳದ್ದು 14,400. ಮನೆ ಹಿಡಿಸಿದರೆ 5,000 ಮುಂಗಡ ಕೊಟ್ಟು ಕಾಯ್ದಿರಿಸಬಹುದು. ಅದು ಠೇವಣಿಯಲ್ಲೇ ವಜಾ ಆಗುತ್ತದೆ. ಐದು ದಿನದೊಳಗೆ ಮನಸ್ಸು ಬದಲಾದರೆ ಪೂರ್ತಿ ಮರಳಿಸುತ್ತೇನೆ. ಆ ಐದು ದಿನ ಬೇರೆಯವರಿಗೆ ಮನೆ ತೋರಿಸುವುದಿಲ್ಲ.

ಠೇವಣಿಗೆ ಬಡ್ಡಿ ಇಲ್ಲ. ಬಿಟ್ಟು ಹೋಗುವಾಗ ಕೀಲಿಕೈ ಒಪ್ಪಿಸಿದ ಏಳು ದಿನದೊಳಗೆ ಮರಳಿ ಬರುತ್ತದೆ. ಬಾಕಿ ಬಾಡಿಗೆ, ಬಾಕಿ ವಿದ್ಯುತ್ ಬಿಲ್ಲು, ಒಡೆದ ವಸ್ತು, ಇವಿಷ್ಟನ್ನು ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಬಹಳ ಕಡೆ ಇದೆ. ನಾನೇ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದವಳು, ಆ ನೋವು ಗೊತ್ತು. ಇಲ್ಲಿ ಬಣ್ಣ ನನ್ನ ಖರ್ಚು. ನೀವು ಬರುವ ದಿನ ಇಬ್ಬರೂ ಸೇರಿ ಗೋಡೆ, ನಲ್ಲಿ, ಫ್ಯಾನುಗಳ ಫೋಟೊ ತೆಗೆದಿಟ್ಟುಕೊಳ್ಳೋಣ.

ಕರಾರು ಪತ್ರ 11 ತಿಂಗಳಿಗೆ, ಅದರ ಖರ್ಚು ಅರ್ಧ ನಿಮ್ಮದು, ಅರ್ಧ ನನ್ನದು. ಮುಂದುವರಿಸಿದರೆ ಬಾಡಿಗೆ ಶೇ 5ರಷ್ಟು ಏರುತ್ತದೆ, ಅಂದರೆ 14,175 ರೂಪಾಯಿ. ಬಿಡುವುದಿದ್ದರೆ ಒಂದು ತಿಂಗಳು ಮುಂಚೆ ಹೇಳಬೇಕು. ನಾನು ಬಿಡಿಸುವುದಿದ್ದರೆ ಎರಡು ತಿಂಗಳು ಮುಂಚೆ ಹೇಳುತ್ತೇನೆ, ಮಕ್ಕಳ ಶಾಲೆಯ ವರ್ಷದ ನಡುವೆ ಬಿಡಿಸುವುದಿಲ್ಲ.

ಹೆಸ್ಕಾಂ ಮೀಟರ್ ಪ್ರತ್ಯೇಕವಾಗಿದೆ. ಗೃಹಜ್ಯೋತಿಯ ಜೋಡಣೆಯನ್ನು ಹಿಂದಿನವರು ರದ್ದು ಮಾಡಿಸಿಕೊಂಡಿದ್ದಾರೆ. ನೀವು ನಿಮ್ಮ ಆಧಾರ್ ಮತ್ತು ಕರಾರು ಪತ್ರದೊಂದಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿಕೊಳ್ಳಬಹುದು. ಆರ್‌ಆರ್ ಸಂಖ್ಯೆ ಇರುವ ಬಿಲ್ಲಿನ ಪ್ರತಿ ನಾನು ಕೊಡುತ್ತೇನೆ.

ಮನೆ ಹೇಗಿದೆ

850 ಚದರಡಿ. ಹಾಲ್, ಎರಡು ಮಲಗುವ ಕೋಣೆ, ಅಡುಗೆಮನೆ, ಬಾಲ್ಕನಿ. ಎರಡು ಶೌಚಾಲಯಗಳಲ್ಲಿ ಒಂದು ಕಮೋಡ್, ಒಂದು ಭಾರತೀಯ ಮಾದರಿ. ಅಡುಗೆ ಕಟ್ಟೆ ಕಡಪಾ ಕಲ್ಲಿನದು, ಕೆಳಗೆ ಎರಡು ಸಿಲಿಂಡರ್ ನಿಲ್ಲುತ್ತವೆ. ಫ್ಯಾನುಗಳು, ದೀಪಗಳು, ಒಂದು ಗೋಡೆ ಕಪಾಟು ಇವೆ. ಹಾಸಿಗೆ, ಸೋಫಾ ಇಲ್ಲ. ಒಂದು ಕಾರು, ಎರಡು ದ್ವಿಚಕ್ರ ವಾಹನಕ್ಕೆ ಗೇಟಿನೊಳಗೆ ಜಾಗವಿದೆ.

ಬೆಳಗಾವಿಯ ಮಳೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಪಶ್ಚಿಮದ ಮಲಗುವ ಕೋಣೆಯ ಕಿಟಕಿಯ ಬಲಮೂಲೆಯಲ್ಲಿ ಕಳೆದ ಜುಲೈನಲ್ಲಿ ಅಂಗೈ ಅಗಲದಷ್ಟು ತೇವ ಕಾಣಿಸಿಕೊಂಡಿತ್ತು. ಈ ಏಪ್ರಿಲ್‌ನಲ್ಲಿ ಹೊರಗೋಡೆಗೆ ಗಿಲಾವು ಮಾಡಿಸಿ ನೀರು ತಡೆಯುವ ಬಣ್ಣ ಹೊಡೆಸಿದ್ದೇನೆ. ಮೊನ್ನೆಯ ಗುಡುಗು ಮಳೆಗೆ ಒಣಗೇ ಇತ್ತು, ಆದರೆ ಜುಲೈನ ಜಡಿಮಳೆಯೇ ನಿಜವಾದ ಪರೀಕ್ಷೆ. ಮತ್ತೆ ತೇವ ಬಂದರೆ ರಿಪೇರಿ ನನ್ನ ಜವಾಬ್ದಾರಿ, ಕರಾರಿನಲ್ಲೂ ಹಾಗೆಯೇ ಬರೆಸುತ್ತೇನೆ. ಮೋಡ ಕವಿದ ತಿಂಗಳುಗಳಲ್ಲಿ ಸೋಲಾರ್ ಬಿಸಿನೀರು ಸಾಲುವುದಿಲ್ಲ. ಅದಕ್ಕೆ ಸ್ನಾನದ ಮನೆಯಲ್ಲಿ ಗೀಸರ್ ಹಾಕಿದ್ದೇನೆ. ಬಾಲ್ಕನಿಗೆ ತಗಡು ಹೊದಿಸಿದೆ, ಮಳೆಗಾಲದಲ್ಲೂ ಬಟ್ಟೆ ಹರವಬಹುದು. ತಗಡಿನ ಮೇಲೆ ಮಳೆ ಬೀಳುವ ಸದ್ದು ಜೋರಾಗಿರುತ್ತದೆ, ನಿದ್ದೆ ಸೂಕ್ಷ್ಮವಾಗಿರುವವರು ಇದನ್ನೂ ಗಮನದಲ್ಲಿಡಿ.

ನೀರು: ಪಾಲಿಕೆಯ ನಲ್ಲಿ ನೀರು ತೊಟ್ಟಿಗೆ, ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ. ಬಳಕೆಗೆ ಕೊಳವೆಬಾವಿಯೂ ಇದೆ.

ಯಾರಿಗೆ, ಯಾವ ನಿಯಮಕ್ಕೆ

ಕುಟುಂಬ, ಉದ್ಯೋಗಸ್ಥರು, ವಿದ್ಯಾರ್ಥಿಗಳು ಯಾರಾದರೂ ಬರಬಹುದು. ಒಟ್ಟು ಐದು ಜನರ ಮಿತಿ. ಜಾತಿ, ಧರ್ಮ, ಅಡುಗೆಯಲ್ಲಿ ಏನು ಬೇಯುತ್ತದೆ ಎಂಬುದನ್ನು ನಾನು ಕೇಳುವುದಿಲ್ಲ. ಕನ್ನಡ, ಮರಾಠಿ ಎರಡೂ ಈ ಮೆಟ್ಟಿಲ ಮೇಲೆ ನಡೆಯುತ್ತವೆ.

ನಾಯಿ ಸಾಕುವಂತಿಲ್ಲ, ಕೆಳಮನೆಯ ಮಗುವಿಗೆ ಒಮ್ಮೆ ಕಚ್ಚಿಸಿಕೊಂಡ ಭಯವಿದೆ. ರಾತ್ರಿ 11ಕ್ಕೆ ಗೇಟಿಗೆ ಬೀಗ ಬೀಳುತ್ತದೆ. ನಿಮಗೂ ಒಂದು ಕೀಲಿ ಕೊಡುತ್ತೇನೆ, ತಡವಾಗಿ ಬಂದರೆ ಯಾರೂ ಪ್ರಶ್ನಿಸುವುದಿಲ್ಲ. ರಾತ್ರಿ 10ರ ನಂತರ ಜೋರು ಸಂಗೀತ ಬೇಡ. ಹಸಿ ಕಸ, ಒಣ ಕಸ ಬೇರೆ ಬೇರೆ ಇಡಬೇಕು. ನೆಂಟರು ಬಂದು ಉಳಿಯಲು ಅಭ್ಯಂತರವಿಲ್ಲ, ತಿಂಗಳುಗಟ್ಟಲೆಯಾದರೆ ಮಾತ್ರ ಒಂದು ಮಾತು ತಿಳಿಸಿ. ಗೋಡೆಗೆ ಮೊಳೆ ಹೊಡೆಯಬಹುದು, ಟೈಲ್ಸಿಗೆ ಬೇಡ.

ಸುತ್ತಮುತ್ತ

ನನ್ನ ನಡಿಗೆಯ ಲೆಕ್ಕದಲ್ಲಿ ಹೇಳುತ್ತೇನೆ, ನನಗೆ 58 ವರ್ಷ. ಆರ್‌ಪಿಡಿ ವೃತ್ತಕ್ಕೆ ಎಂಟು ನಿಮಿಷ. ನಗರ ಸಾರಿಗೆ ಬಸ್ಸು, ಆಟೊ ಅಲ್ಲೇ ಸಿಗುತ್ತವೆ. ಕಿರಾಣಿ ಅಂಗಡಿ ಎರಡು ನಿಮಿಷ, ಔಷಧಿ ಅಂಗಡಿ ಐದು, ಬೆಳಗಿನ ತಿರುಗಾಟಕ್ಕೆ ವ್ಯಾಕ್ಸಿನ್ ಡಿಪೊ ಮೈದಾನ ಹದಿನೈದು. ಉದ್ಯಮಬಾಗದ ಗೋಗಟೆ ತಾಂತ್ರಿಕ ಕಾಲೇಜು ಮತ್ತು ಮಚ್ಛೆಯ ವಿಟಿಯು ಎರಡೂ ಖಾನಾಪುರ ರಸ್ತೆಯಲ್ಲೇ ಸಿಗುತ್ತವೆ. ನೆಹರೂ ನಗರದ ಕೆಎಲ್‌ಇ ಆಸ್ಪತ್ರೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿದೆ. ಅಲ್ಲಿ ಕೆಲಸ ಮಾಡುವವರು ದಿನಾ ಓಡಾಡುವುದನ್ನು ಯೋಚಿಸಿ ಬನ್ನಿ. ಕಾಂಗ್ರೆಸ್ ರಸ್ತೆಯ ಕಡೆ ಹೋಗುವಾಗ ರೈಲ್ವೆ ಗೇಟ್ ಬಿದ್ದರೆ ಹತ್ತು ನಿಮಿಷ ಹೋಗುತ್ತದೆ, ಮಕ್ಕಳನ್ನು ಶಾಲೆಗೆ ಬಿಡುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೋಡಲು ಬರುವಾಗ

ಮೊದಲು ಇಲ್ಲಿಯೇ ಸಂದೇಶ ಕಳಿಸಿ: ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನ. ಮನೆಯ ಸಂಖ್ಯೆ, ನನ್ನ ಮೊಬೈಲ್ ಸಂಖ್ಯೆ ಉತ್ತರದಲ್ಲಿ ಕಳಿಸುತ್ತೇನೆ. ಈಗಿರುವವರು ಮೇ 31ರವರೆಗೆ ಇರುತ್ತಾರೆ, ಅವರ ಮನೆಗೆ ನಾವು ಹೋಗುತ್ತಿದ್ದೇವೆ ಎಂಬುದು ನೆನಪಿರಲಿ. ಹೇಳಿದ ಸಮಯಕ್ಕೆ ಬನ್ನಿ, ಬರಲಾಗದಿದ್ದರೆ ತಿಳಿಸಿ. ದೂರದ ಊರಿನವರು ಹಗಲಲ್ಲೇ ಬಂದು ಮರಳಬೇಕಿದ್ದರೆ ಎರಡು ದಿನ ಮೊದಲು ಹೇಳಿ, ಶನಿವಾರ ಬಿಟ್ಟು ಯಾವ ದಿನವಾದರೂ ಸಮಯ ಹೊಂದಿಸುತ್ತೇನೆ. ನೋಡುವ ದಿನ ಯಾವ ಕಾಗದವೂ ಬೇಡ, ಹಣವೂ ಬೇಡ.

ಗೇಟಿನ ಪಕ್ಕ ಪಾರಿಜಾತದ ಗಿಡವಿದೆ. ಎರಡು ಬೆಲ್‌ಗಳಲ್ಲಿ ಎಡಗಡೆಯದು ನನ್ನದು, ಅದನ್ನೇ ಒತ್ತಿ.